ಗೀಸರಿನ ಎಲಿಮೆಂಟು, ಗುಡಿಯ ಕಾಂಪೌಂಡು

ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳುವವನಿಗೆ ಮೊದಲ ಎದುರಾಳಿ ಕನ್ನಡ ಮೇಷ್ಟ್ರು. ‘ಓದು, ಮಾಡು, ತಿನ್ನು, ಇವೆಲ್ಲ ಧಾತುಗಳು’ ಎಂದು ಅವರು ಬರೆದುಹೋದ ಬೋರ್ಡನ್ನು ಒರೆಸಿ, ನಾನು ‘ತಾಮ್ರ, ಕಬ್ಬಿಣ, ಪಾದರಸ, ಇವು ಧಾತುಗಳು’ ಎಂದು ಬರೆಯುತ್ತೇನೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: ‘ಸಾರ್, ತಿನ್ನು ಅನ್ನೋದರ ಪರಮಾಣು ಸಂಖ್ಯೆ ಎಷ್ಟು?’ ಮನೆಗೆ ಹೋಗಿ ಮುತ್ತಜ್ಜನನ್ನು ಕೇಳಿದರೆ ಉತ್ತರವೇ ಬೇರೆ. ಧಾತು ಅಂದರೆ 1876ರ ಸಂವತ್ಸರ, ಅದರ ಬೆನ್ನಿಗೆ ಈಶ್ವರ. ಎರಡೂ ಸೇರಿ ಮೈಸೂರು ಸೀಮೆಯನ್ನು ಹುರಿದುಹಾಕಿದ ಬರ.

ಇಂಗ್ಲಿಷ್ ಮೀಡಿಯಮ್ಮಿಗೆ ಹೋದರೆ ಇದರಿಂದ ಪಾರಾಗಬಹುದು ಎನ್ನುವವರು ನಮ್ಮ ಬಚ್ಚಲುಮನೆಗೆ ಬರಬೇಕು. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಗೀಸರು ಮೊದಮೊದಲು ನೀರು ಕಾಯಿಸಲು ತಡಮಾಡಿತು, ಆಮೇಲೆ ಒಳಗೊಳಗೇ ಗುರುಗುಟ್ಟಿತು, ಕೊನೆಗೊಂದು ದಿನ ಮಾತೇ ಬಿಟ್ಟಿತು. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ, ‘ಎಲಿಮೆಂಟ್ ಹೋಗೈತೆ ಸಾರ್’ ಎಂದ. ಬೆಳಗ್ಗೆಯಷ್ಟೇ ತರಗತಿಯಲ್ಲಿ, ಎಲಿಮೆಂಟನ್ನು ಇನ್ನೂ ಸರಳವಾದ ವಸ್ತುವಾಗಿ ಒಡೆಯಲು ಬರುವುದಿಲ್ಲ ಎಂದು ಮೇಜು ಕುಟ್ಟಿ ಹೇಳಿ ಬಂದಿದ್ದೆ. ಅವನು ಹ್ಯಾಕ್ಸಾ ಬ್ಲೇಡಿನಿಂದ ಅದನ್ನು ಎರಡು ತುಂಡು ಮಾಡಿ ಕೈಗಿತ್ತ.

ಹೊರಗಿನ ಕೊಳವೆ ತಾಮ್ರದ್ದು. ಇಡೀ ಎಲಿಮೆಂಟಿನಲ್ಲಿ ಎಲಿಮೆಂಟ್ ಎನ್ನಿಸಿಕೊಳ್ಳುವ ಯೋಗ್ಯತೆ ಇದ್ದದ್ದು ಇದಕ್ಕೊಂದಕ್ಕೇ. ಕೊಳವೆಯನ್ನು ತಟ್ಟಿದರೆ ಬಿಳಿ ಪುಡಿ ಉದುರಿತು. ಅದು ಮೆಗ್ನೀಷಿಯಂ ಆಕ್ಸೈಡು, ಅಪ್ಪಟ ಸಂಯುಕ್ತ. ಕರೆಂಟನ್ನು ತಡೆದು ಶಾಖವನ್ನು ಮಾತ್ರ ಹೊರಗೆ ಬಿಡುವುದು ಅದರ ಕೆಲಸ. ಪುಡಿಯ ನಡುವೆ ಸುರುಳಿ ಸುತ್ತಿದ್ದ ತಂತಿ ನೈಕ್ರೋಮ್, ಅಂದರೆ ನಿಕ್ಕಲ್, ಕ್ರೋಮಿಯಂ ಬೆರೆತ ಮಿಶ್ರಲೋಹ. ಧಾತು, ಸಂಯುಕ್ತ, ಮಿಶ್ರಣ ಎಂದು ಮೂರು ದಿನ ಗಂಟಲು ಹರಿದುಕೊಳ್ಳುವ ಪಾಠವೆಲ್ಲ ಒಂದೇ ಕೊಳವೆಯಲ್ಲಿತ್ತು.

ಕೊಳವೆಯ ಮೇಲೆ ಸುಣ್ಣದ ಹಕ್ಕಳೆ ಬೆರಳು ದಪ್ಪ ಕಟ್ಟಿತ್ತು. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಬಿಸಿ ತಾಗಿದೊಡನೆ ಒಡೆದು, ಕರಗದ ಕಾರ್ಬೊನೇಟಾಗಿ ಅಲ್ಲೇ ಕೂರುತ್ತದೆ. ಹಕ್ಕಳೆ ದಪ್ಪವಾದಷ್ಟೂ ಶಾಖ ನೀರಿಗೆ ದಾಟದೆ ಒಳಗಿನ ತಂತಿಯನ್ನೇ ಸುಡುತ್ತದೆ. ‘ಇದು ರಿಯಾಕ್ಷನ್ ಕಣಪ್ಪ’ ಎಂದೆ. ನಮ್ಮೂರಲ್ಲಿ ರಿಯಾಕ್ಷನ್ ಅಂದರೆ ಮಾತ್ರೆ ನುಂಗಿ ಮೈಯೆಲ್ಲ ದದ್ದೇಳುವುದು. ‘ಹೊಸದು ಹಾಕ್ತೀನಲ್ಲ ಸಾರ್, ಯಾವ ರಿಯಾಕ್ಷನ್ನೂ ಆಗಲ್ಲ. ಕಂಪನಿ ಮಾಲು’ ಎಂದು ಧೈರ್ಯ ಹೇಳಿದ. ನನ್ನಾಕೆ ಹಕ್ಕಳೆಯ ಚೂರೊಂದರ ಮೇಲೆ ನಿಂಬೆಹಣ್ಣು ಹಿಂಡಿದಳು. ಬುಸಬುಸನೆ ನೊರೆ ಬಂತು. ಕಾರ್ಬನ್ ಡೈಆಕ್ಸೈಡು! ತೆಳುವಾಗಿದ್ದಾಗಲೇ ಎಲಿಮೆಂಟನ್ನು ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಸಿಟ್ಟಿದ್ದರೆ ತಂತಿ ಉಳಿಯುತ್ತಿತ್ತು. ಬೆರಳು ದಪ್ಪಕ್ಕೆ ನಿಂಬೆತೋಟವೇ ಬೇಕು.

ಹಳೇಬೀಡಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಹೊಯ್ಸಳೇಶ್ವರ ಗುಡಿಯ ಮುಂದೆ ನಿಲ್ಲಿಸಿ, ‘ಇಲ್ಲಿ ಕಾಂಪೌಂಡ್ ಎಲ್ಲಿದೆ, ತೋರಿಸಿ’ ಎಂದೆ. ಅಷ್ಟೂ ಜನ ಗುಡಿಗೆ ಬೆನ್ನು ಹಾಕಿ ಆವರಣದ ಗೋಡೆಯತ್ತ ಕೈ ತೋರಿಸಿದರು. ತಪ್ಪೆನ್ನಲು ಬಾಯಿ ಬರಲಿಲ್ಲ. ಆ ಕಾಂಪೌಂಡು ಮಲಯ್ ಭಾಷೆಯ ಕಂಪೊಂಗ್‌ನಿಂದ ಬಂದದ್ದು ಎನ್ನುತ್ತಾರೆ ತಿಳಿದವರು. ಲ್ಯಾಟಿನ್ ಮೂಲದ ನನ್ನ ಕಾಂಪೌಂಡಿಗೂ ಅದಕ್ಕೂ ದಾಯಾದಿ ಸಂಬಂಧವೂ ಇಲ್ಲ. ನಾನು ತೋರಿಸಬೇಕೆಂದಿದ್ದದ್ದು ಗುಡಿಯ ಬಳಪದ ಕಲ್ಲನ್ನು. ಅದರಲ್ಲಿನ ಟಾಲ್ಕ್ ಎಂಬುದು ಮೆಗ್ನೀಷಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕ ಕೂಡಿದ ಸಂಯುಕ್ತ. ಕಲ್ಲು ಮಾತ್ರ ಇಂಥ ಹಲವು ಖನಿಜಗಳ ಮಿಶ್ರಣ. ಇಷ್ಟು ವಿವರಿಸುವ ಹೊತ್ತಿಗೆ ಮಕ್ಕಳು ಐಸ್‌ಕ್ರೀಮಿನವನ ಸುತ್ತ ಇದ್ದರು. ಅವನು ನಿಂತಿದ್ದದ್ದೂ ಕಾಂಪೌಂಡಿನ ಆಚೆಗೇ.

ಬೇಲೂರಿಗೆ ಅಲ್ಲಿಂದ 16 ಕಿಲೋಮೀಟರ್. ಇನ್ನೊಮ್ಮೆ ಆ ದಾರಿಯಲ್ಲಿ ನನ್ನ ಹಳೆಯ ಮೊಪೆಡ್ ಪಂಕ್ಚರ್ ಆಯಿತು. ಊರ ಹೊರಗಿನ ಅಂಗಡಿಯ ಹುಡುಗ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಗುರುತು ಮಾಡಿ, ಒರೆಸಿ, ಅರದಿಂದ ಉಜ್ಜಿದ. ‘ಸಲೂಷನ್’ ಹಚ್ಚಿ ಬೀಡಿ ಹೊತ್ತಿಸಲು ದೂರ ಹೋದ. ಶುದ್ಧ ಪ್ರಯೋಗ! ಪೆಟ್ರೋಲಿನ ಜಾತಿಯ ದ್ರಾವಕದಲ್ಲಿ ರಬ್ಬರನ್ನು ಕರಗಿಸಿದ ದ್ರಾವಣ ಅದು. ಹತ್ತಿರ ಬೆಂಕಿ ತಂದರೆ ಭಗ್ಗೆನ್ನುತ್ತದೆ. ದ್ರಾವಕ ಆರಿಹೋಗಿ ರಬ್ಬರು ಉಳಿಯಬೇಕು, ಬೆರಳಿಗೆ ಬರಿಯ ಜಿಗುಟು ತಾಗಬೇಕು; ಹಸಿಯಿದ್ದಾಗಲೇ ಪ್ಯಾಚ್ ಒತ್ತಿದರೆ ದ್ರಾವಕದ ಆವಿ ಅಡಿಯಲ್ಲಿ ಸಿಕ್ಕಿಕೊಂಡು, ಗಾಳಿ ತುಂಬಿದೊಡನೆ ಪ್ಯಾಚ್ ಜಾರುತ್ತದೆ.

‘ಏನ್ ಕೆಲಸ ಸಾರ್ ನಿಮ್ದು?’ ಎಂದ ಹುಡುಗ, ವಾಪಸು ಬಂದು.

‘ಕೆಮಿಸ್ಟ್ರಿ ಮೇಷ್ಟ್ರು. ಸಲ್ಯೂಷನ್, ರಿಯಾಕ್ಷನ್, ಇಂಥವೆಲ್ಲ ಹೇಳಿಕೊಡ್ತೀನಿ.’

ಅವನ ಮುಖ ಅರಳಿತು. ‘ಹಂಗಾದ್ರೆ ಪಂಕ್ಚರ್ ಹಾಕೋಕೆ ಬರುತ್ತೆ ಅನ್ನಿ. ಇನ್ನೊಂದು ಗಾಡಿ ಐತೆ, ಸ್ವಲ್ಪ ಕೈ ಹಾಕಿ ಸಾರ್’ ಎಂದು ಅರವನ್ನು ನನ್ನ ಕೈಗಿಟ್ಟ.