ಮೇಲ್ಮನೆಯ ಗುಡುಗು, ಕೆಳಮನೆಯ ಅರ್ಜಿ

ಜಯನಗರದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ರಾಯರು ಸೊಸೈಟಿ ಕಾರ್ಯದರ್ಶಿಗೆ ಕೊಟ್ಟ ಮೊದಲ ದೂರು ಇಷ್ಟೇ: "ಮೇಲಿನ ಮನೆಯಲ್ಲಿ ಮನುಷ್ಯರಿದ್ದಾರೋ ಆನೆ ಕಟ್ಟಿದ್ದಾರೋ ತಿಳಿಯದು." ಕಾರ್ಯದರ್ಶಿ ಓದಿ ನಕ್ಕು ಫೈಲಿಗೆ ಹಾಕಿದರು. ಆನೆಯ ಬಗ್ಗೆ ಬೈಲಾದಲ್ಲಿ ಏನೂ ಇರಲಿಲ್ಲ.

ಎರಡನೆಯದನ್ನು ರಾಯರ ಹೆಂಡತಿ ಬರೆಸಿದರು. "ಸೋಮವಾರ ರಾತ್ರಿ 10.40ರಿಂದ 11.05, ಅಡುಗೆಮನೆಯ ಚಾವಣಿಯಲ್ಲಿ ಒಂದೇ ಸಮನೆ ಗುರ್ರೆನ್ನುವ ಸದ್ದು. ಗುರುವಾರವೂ ಅದೇ ಹೊತ್ತಿಗೆ. ಬೇರೆ ದಿನ ಇಲ್ಲ." ರಾಯರು ತುರುಕಿದ್ದ 'ಬೇಕಂತಲೇ' ಎಂಬುದನ್ನು ಆಕೆ ಹೊಡೆದುಹಾಕಿದರು. ಚಾವಣಿ ದಾಟಿ ಬರುವುದು ಸದ್ದು ಮಾತ್ರ, ಉದ್ದೇಶವಲ್ಲವಲ್ಲ!

ರಾಯರಿಗೆ ಕಾನೂನು ಸೇರಿಸುವ ಚಪಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಆದರೆ ಅದು ಗಾಳಿಯಲ್ಲಿ ಬರುವ ಸದ್ದಿನ ಲೆಕ್ಕ. ಕಾಂಕ್ರೀಟಿನೊಳಗೆ ಇಳಿಯುವ ಅದುರು ಮೊಬೈಲ್ ಆ್ಯಪಿಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಅಂಕಿ ಬಿಟ್ಟು ಹೊತ್ತನ್ನಷ್ಟೇ ಉಳಿಸಿಕೊಂಡರು. ಇಂಥ ಸದ್ದು ಗೋಡೆ, ತೊಲೆ ಹಿಡಿದು ಓರೆಯಲ್ಲಿರುವ ಮನೆಯಿಂದಲೂ ಬರಬಹುದು. ಅದಕ್ಕೇ ದೂರಿನಲ್ಲಿ "ಮೇಲಿನ ಮನೆಯೆಂದು ತೋರುತ್ತದೆ" ಎಂಬ ಎಚ್ಚರದ ಮಾತು.

ಮುಂದಿನ ಗುರುವಾರ ಕಾರ್ಯದರ್ಶಿ ಬಂದು, ಕಿವಿಗೊಟ್ಟು, ಮೇಲೆ ಹತ್ತಿದರು. ಅಡುಗೆಮನೆಯ ಬರಿನೆಲದ ಮೇಲೆ ದೋಸೆಹಿಟ್ಟಿನ ಗ್ರೈಂಡರ್! ಆಫೀಸಿನಿಂದ ಒಂಬತ್ತಕ್ಕೆ ಬರುವ ಮನೆಯೊಡತಿ ಇನ್ಯಾವಾಗ ರುಬ್ಬಬೇಕು?

ಗ್ರೈಂಡರಿನ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಬಂತು, ಸೋಮವಾರದ ಹಿಟ್ಟು ಭಾನುವಾರದ ಬೆಳಿಗ್ಗೆಗೆ ಸರಿಯಿತು. ಗುರುವಾರದ ಸದ್ದು ತಗ್ಗಿದೆ, ಪೂರ್ತಿ ಹೋಗಿಲ್ಲ. ರಾಯರು ಸದ್ಯ ಕುರ್ಚಿ ಎಳೆಯುವ ಹೊತ್ತುಗಳನ್ನು ಬರೆದಿಡುತ್ತಿದ್ದಾರೆ.