ಸಮತೂಕದ ಸಾಹೇಬರು

ಪೀಣ್ಯದ ನಮ್ಮ ಕಾರ್ಖಾನೆಯ ಕ್ವಾಲಿಟಿ ಮ್ಯಾನೇಜರ್ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಅವರ ಪತ್ರ ಟೈಪು ಮಾಡುವ ನನ್ನ ಬೆರಳು ನೊಂದದ್ದು ಲೆಕ್ಕಕ್ಕಿಲ್ಲ. ಕ್ಯಾಂಟೀನಿನಲ್ಲಿ ಖಾರಾಬಾತೋ ಕೇಸರಿಬಾತೋ ಎಂದರೆ ಚೌಚೌ ಬಾತ್ ಎನ್ನುತ್ತಾರೆ. ಇಬ್ಬರು ಜಗಳವಾಡಿಕೊಂಡು ಬಂದರೆ ಇಬ್ಬರದೂ ಸರಿ ಎಂದು ಕಳಿಸುತ್ತಾರೆ.

ಇಂಥವರ ಮೇಜಿಗೆ ಲೈನ್ ಇನ್‌ಚಾರ್ಜ್ ಬಡ್ತಿಯ ಕಡತ ಬಂತು. ಹುದ್ದೆ ಒಂದು, ಆಸಾಮಿಗಳು ಇಬ್ಬರು: ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರದೂ ಡಿಪ್ಲೊಮಾ, ಸೇರಿದ್ದು ಒಂದೇ ದಿನ, ಅಪ್ರೈಸಲ್ ಅಂಕವೂ ಒಂದೇ. ಸಾಹೇಬರು “ಹುಡುಗ ಶ್ರಮಜೀವಿ” ಎಂದು ಹೇಳಿ ಬರೆಸಿದರು. ಉಸಿರು ಬಿಡುವ ಮೊದಲೇ “ಹುಡುಗಿ ಪರಿಶ್ರಮಿ” ಎಂದರು. ಆಮೇಲೆ ಕನ್ನಡಕ ಏರಿಸಿ ಪರದೆ ನೋಡಿ, “ಅವನ ಸಾಲು ಸ್ವಲ್ಪ ಗಿಡ್ಡ ಕಾಣುತ್ತಲ್ಲಯ್ಯಾ, ಒಂದು ‘ಬಹಳ’ ಸೇರಿಸು” ಎಂದರು. ಸೇರಿಸಿದೆ. ಈಗ ಅವಳದು ಗಿಡ್ಡವಾಯಿತು. ಸಂಜೆಯ ಹೊತ್ತಿಗೆ ಇಬ್ಬರೂ ದೇವತೆಗಳಾಗಿದ್ದರು. ಪತ್ರ ಪರ್ಸನಲ್ ವಿಭಾಗಕ್ಕೆ ಹೋಗಿ ಮರುದಿನವೇ ವಾಪಸು: “ಶಿಫಾರಸು ಯಾರಿಗೆ?”

ಆಗ ಸಾಹೇಬರು ವಿಶೇಷಣಗಳನ್ನೆಲ್ಲ ಹೊಡೆದು ಹಾಕಿ, ಲೈನ್ ಇನ್‌ಚಾರ್ಜ್ ದಿನವಿಡೀ ಏನು ಮಾಡಬೇಕು ಎಂದು ಬರೆದುಕೊಂಡರು. ಕೆಟ್ಟ ಪೀಸು ಹಿಡಿಯುವುದಲ್ಲ, ಪೀಸು ಕೆಡದಂತೆ ನೋಡಿಕೊಳ್ಳುವುದು. ಪೀಸು ಹಿಡಿಯುವುದರಲ್ಲಿ ಹುಡುಗನನ್ನು ಮೀರಿಸುವವರಿಲ್ಲ. ಪ್ಲಗ್ ಗೇಜಿನ ಗೋ ತುದಿ ಒಳಹೋಗದ ಒಂದು ಪೀಸೂ ಅವನ ಕೈ ದಾಟಿಲ್ಲ. ಹುಡುಗಿ ಮಾಡಿದ್ದು ಬೇರೆ. 25 ಮಿ.ಮೀ. ಬೋರ್ 25.000ದಿಂದ 25.021ರ ಒಳಗಿದ್ದರೆ ಪಾಸು. ಅವಳು ಬೋರ್ ಗೇಜಿನಲ್ಲಿ ಅಳೆದಾಗ 25.014, ಆಮೇಲೆ 25.010, ಆಮೇಲೆ 25.006. ಎಲ್ಲವೂ ಪಾಸೇ. ಆದರೆ ಇಳಿಯುತ್ತಿದೆಯಲ್ಲ, ಟೂಲು ಸವೆಯುತ್ತಿದೆ ಎಂದು ಮೆಷಿನ್ ನಿಲ್ಲಿಸಿ ಇನ್‌ಸರ್ಟ್ ಬದಲಾಯಿಸಿದಳು.

ನಾನು ಇಷ್ಟಕ್ಕೇ ಟೈಪು ಮಾಡಲು ಹೊರಟೆ. “ಇರಯ್ಯಾ, ಅವಳ ಮೇಜು ಮೆಷಿನ್ ಪಕ್ಕ. ಇವನಿಗೆ ಫೈನಲ್‌ನಲ್ಲಿ ಮುಗಿದ ಪೀಸು ಬಿಟ್ಟರೆ ಇನ್ನೇನು ಕಾಣುತ್ತೆ?” ಎಂದರು. ಈ ಜನ್ಮದಲ್ಲಿ ಪತ್ರ ಮುಗಿಯದು ಎಂದುಕೊಂಡೆ. ಆದರೆ ಮಾತು ನ್ಯಾಯವಾಗಿತ್ತು. ಹುಡುಗ ಹಿಂದೆ ಅದೇ ಮೆಷಿನ್ ಪಕ್ಕ ಕೂತಿದ್ದ ತಿಂಗಳುಗಳ ರಿಜಿಸ್ಟರ್ ತರಿಸಿದರು. ಪುಟದ ತುಂಬ “ಓಕೆ, ಓಕೆ, ಓಕೆ.” ಬೋರ್ ಗೇಜ್ ಕೈಯಲ್ಲೇ ಇದ್ದರೂ ಒಂದು ಅಂಕಿ ಇಲ್ಲ. ಅಂಕಿ ಇಲ್ಲದ ಮೇಲೆ ಇಳಿದದ್ದು ತಿಳಿಯುವುದು ಹೇಗೆ? ಇದನ್ನೇ ಕಾರಣವಾಗಿ ಬರೆಸಿ ಹುಡುಗಿಯ ಹೆಸರು ಹಾಕಿದರು. ಹುಡುಗನಿಗೆ ಕಂಟ್ರೋಲ್ ಚಾರ್ಟ್ ಕಲಿಸಬೇಕೆಂದು ಕೊನೆಯಲ್ಲಿ ಒಂದು ಪ್ಯಾರಾ. ಅದು ಶಿಫಾರಸಿಗಿಂತ ಉದ್ದವಾಯಿತು, ನಾನು ಬಾಯಿ ಬಿಡಲಿಲ್ಲ.

ಸುದ್ದಿಯನ್ನು ಹುಡುಗನಿಗೆ ತಾವೇ ಹೋಗಿ ಹೇಳಿದರು, ರಿಜಿಸ್ಟರ್ ಹಿಡಿದುಕೊಂಡು. ಅವನು ತುಂಬ ಹೊತ್ತು ಪುಟ ತಿರುವಿದ. “ಚಾರ್ಟು ಯಾರು ಕಲಿಸ್ತಾರೆ ಸಾರ್?”

“ಅವಳೇ ಕಣಯ್ಯಾ.”

ವಾಪಸು ಬಂದು ಕೂತವರು, ಹುಡುಗಿಗೆ ಇದರಿಂದ ಕೆಲಸ ಜಾಸ್ತಿಯಾಯಿತಲ್ಲವೇ, ಇದು ನ್ಯಾಯವೇ ಎಂದು ನನ್ನನ್ನು ಕೇಳತೊಡಗಿದರು.