ನಾಲ್ಕೂವರೆ ನಿಮಿಷದ ‘ಇನ್ನೂ ಇಲ್ಲ’

ಜೆ.ಸಿ. ರಸ್ತೆಯ ಟೌನ್‌ಹಾಲ್ ಮೆಟ್ಟಿಲ ಮೇಲೆ ಜನ ನಿಂತು ಕೂಗುತ್ತಿದ್ದರು. ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದ ಟೌನ್‌ಹಾಲ್‌ನಲ್ಲಿ ಜನರೆಲ್ಲ ಮ್ಯೂಟ್‌ನಲ್ಲಿರುತ್ತಾರೆ, ಕೂಗುವವರು ಸಿಇಒ ಒಬ್ಬರೇ. ಮರುದಿನ ಅದರ ರೆಕಾರ್ಡಿಂಗ್ ಇಂಟರ್ನಲ್ ಕಮ್ಯುನಿಕೇಷನ್ಸ್‌ನವರ ಮೇಜಿಗೆ ಬರುತ್ತದೆ. ‘ನೌಕರರಿಗೆ ಒಂದು ಪ್ರಶ್ನೋತ್ತರ ಹಾಳೆ ಮಾಡಿ. ಉತ್ತರ ನೇರವಾಗಿ, ಸರಳವಾಗಿರಲಿ.’ ಹೀಗೆ ಹೇಳುವವರಿಗೆ ಆ ಕೊನೆಯ ಮಾತಿನ ಅಪಾಯ ಗೊತ್ತಿರುವುದಿಲ್ಲ.

ಪ್ರಶ್ನೆಯಿಂದಲೇ ಶುರು ಮಾಡೋಣ. ನೌಕರರು ಹೆಸರಿಲ್ಲದೆ ಬರೆದು, ಅತಿ ಹೆಚ್ಚು ಓಟು ಕೊಟ್ಟಿದ್ದ ಪ್ರಶ್ನೆ ಇದು: ‘ಈ ಕ್ವಾರ್ಟರ್ ವೇರಿಯಬಲ್ ಪೇ ಪೂರ್ತಿ ಬರುತ್ತಾ?’ ನಿರೂಪಕಿಯ ಬಾಯಿಗೆ ಬರುವ ಹೊತ್ತಿಗೆ ಅದು ‘ಸರ್, ನಮ್ಮ ರಿವಾರ್ಡ್ಸ್ ಫಿಲಾಸಫಿ ಬಗ್ಗೆ ಎರಡು ಮಾತು’ ಎಂದಾಗಿತ್ತು. ಹಾಳೆ ಮಾಡುವವರು ಇಬ್ಬರಲ್ಲಿ ಯಾರ ಪ್ರಶ್ನೆ ಬರೆಯಬೇಕು? ನೌಕರರದ್ದನ್ನೇ, ಅವರ ಮಾತಿನಲ್ಲೇ. ಸಭೆಯಲ್ಲಿ ತೆಗೆದುಕೊಳ್ಳದೇ ಬಿಟ್ಟ ಪ್ರಶ್ನೆಗಳನ್ನೂ ಕೆಳಗೆ ಸೇರಿಸಬೇಕು. ಇಲ್ಲದಿದ್ದರೆ ಅದು ನಿರೂಪಕಿ ಮತ್ತು ಸಿಇಒ ನಡುವಿನ ಕುಶಲೋಪರಿ ಆಗುತ್ತದೆ.

ಇನ್ನು ಉತ್ತರ. ರೆಕಾರ್ಡಿಂಗ್‌ನಲ್ಲಿ ಅದು 23:10ಕ್ಕೆ ಶುರುವಾಗಿ 27:40ಕ್ಕೆ ಮುಗಿಯುತ್ತದೆ. ‘ಬಹಳ ಒಳ್ಳೆಯ ಪ್ರಶ್ನೆ’ ಎಂಬ ಮೆಚ್ಚುಗೆ, ಮಾರುಕಟ್ಟೆಯ ಎದುರುಗಾಳಿ, ‘ನಾವೆಲ್ಲ ಒಂದೇ ಕುಟುಂಬ’, ಆಮೇಲೆ ಅವರ ಅಜ್ಜ ಬರಗಾಲದಲ್ಲಿ ತೆಂಗಿನ ಸಸಿ ನೆಟ್ಟ ಕಥೆ. (ಅಜ್ಜ ಕಳೆದ ಕ್ವಾರ್ಟರ್‌ನಲ್ಲಿ ಬಾವಿ ತೋಡಿದ್ದರು.) ಇದನ್ನು ಜರಡಿ ಹಿಡಿಯುವ ಕ್ರಮ ಸುಲಭ. ವಾಕ್ಯದಲ್ಲಿ ತಾರೀಖು, ಮೊತ್ತ, ಅಥವಾ ಕೆಲಸ ಮಾಡುವವರ ಹೆಸರು, ಈ ಮೂರರಲ್ಲಿ ಒಂದಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಹೊಡೆದುಹಾಕಿ. ನಾಲ್ಕೂವರೆ ನಿಮಿಷದಲ್ಲಿ ಉಳಿದಿದ್ದು ಒಂದೇ ವಾಕ್ಯ: ‘ಫಲಿತಾಂಶ ಪ್ರಕಟವಾದ ಮೇಲೆ ಎಚ್‌ಆರ್ ತಿಳಿಸುತ್ತಾರೆ.’

ಹೊಡೆದುಹಾಕುವ ಮೊದಲು ಕಿವಿಯಿಂದ ಕೇಳಲೇಬೇಕು. ಪರದೆಯ ಮೇಲೆ ತಾನಾಗಿ ಮೂಡುವ ಕ್ಯಾಪ್ಷನ್ ನಂಬಿದರೆ ‘ಫಿಫ್ಟೀನ್’ ಹೋಗಿ ‘ಫಿಫ್ಟಿ’ ಆಗುತ್ತದೆ, ‘ಕಾಂಟ್’ ಹೋಗಿ ‘ಕ್ಯಾನ್’ ಆಗುತ್ತದೆ. ಅಂಕಿ ಮತ್ತು ‘ಇಲ್ಲ’ ಬರುವ ಕಡೆಯಲ್ಲೆಲ್ಲ ಎರಡು ಸಲ ಕೇಳದಿದ್ದರೆ ಕಂಪನಿ ಕೊಡದ ಬೋನಸ್ಸನ್ನು ನಿಮ್ಮ ಹಾಳೆ ಕೊಟ್ಟಿರುತ್ತದೆ.

ಹಾಳೆಯಲ್ಲಿ ಬರೆದ ಉತ್ತರ ಹೀಗಿತ್ತು: ‘ಇನ್ನೂ ತೀರ್ಮಾನವಾಗಿಲ್ಲ. ಪೂರ್ತಿ ಕೊಡುತ್ತೇವೆ ಎಂದು ಸಿಇಒ ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಫಲಿತಾಂಶ ಬಂದ ಮೇಲೆ ಎಚ್‌ಆರ್ ತಿಳಿಸುತ್ತದೆ; ತಾರೀಖು ಹೇಳಿಲ್ಲ (25:50).’ ತಾರೀಖು ಬೇಕಿದ್ದವರು ಮೇಲಿನ ಮಹಡಿಗೆ ಹೋಗುವುದು ವ್ಯರ್ಥ. ಪೇರೋಲ್‌ನ ಹುಡುಗನನ್ನು ಕೇಳಿದರೆ ಸಾಕು. ‘20ರೊಳಗೆ ಪರ್ಸೆಂಟೇಜ್ ಕೈಗೆ ಬಂದರೆ ಈ ತಿಂಗಳ ಸಂಬಳದಲ್ಲಿ ಮೇಡಂ, ಇಲ್ಲಾಂದ್ರೆ ಮುಂದಿನ ತಿಂಗಳು.’ ಇಡೀ ಟೌನ್‌ಹಾಲ್‌ನಲ್ಲಿ ಇರಬೇಕಾಗಿದ್ದ ವಾಕ್ಯ ಇದೊಂದೇ. ಅವನನ್ನು ವೇದಿಕೆಗೆ ಯಾರೂ ಕರೆದಿರಲಿಲ್ಲ.

ಹೇಳಬಾರದ್ದೂ ಇರುತ್ತದೆ, ಒಪ್ಪೋಣ. ಷೇರುಪೇಟೆಯಲ್ಲಿರುವ ಕಂಪನಿ ಕ್ವಾರ್ಟರ್‌ನ ಲೆಕ್ಕವನ್ನು ಪ್ರಕಟಣೆಗೆ ಮೊದಲು ನೌಕರರ ಸಭೆಯಲ್ಲಿ ಬಿಚ್ಚುವಂತಿಲ್ಲ. ಸೆಬಿಯ 2015ರ ನಿಯಮಗಳ ಪ್ರಕಾರ ಕ್ವಾರ್ಟರ್ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಆಗುವವರೆಗೆ ಒಳಗಿನ ಗುಟ್ಟು ತಿಳಿದವರು ಷೇರು ಕೊಳ್ಳುವ, ಮಾರುವ ಕಿಟಕಿಯೇ ಮುಚ್ಚಿರುತ್ತದೆ. ಅಂಥ ಕಡೆ ‘ಕಾನೂನಿನ ಕಾರಣಕ್ಕೆ ಈಗ ಹೇಳುವಂತಿಲ್ಲ, ಫಲಿತಾಂಶದ ನಂತರ ಹೇಳುತ್ತೇವೆ’ ಎಂದು ಬರೆದರೆ ಅದೂ ನೇರ ಉತ್ತರವೇ. ಆದರೆ ರಾತ್ರಿ ಪಾಳಿಯ ಕ್ಯಾಬ್ ಯಾಕೆ ನಿಂತಿತು ಎಂದವರಿಗೂ ಸಾಹೇಬರು ‘ನಾವೀಗ ಸೈಲೆಂಟ್ ಪೀರಿಯಡ್‌ನಲ್ಲಿದ್ದೇವೆ’ ಎಂದುಬಿಟ್ಟರು. ಸಿಲ್ಕ್ ಬೋರ್ಡ್‌ನಲ್ಲಿ ಇಳಿಸುವ ಟೆಂಪೋ ಟ್ರಾವೆಲರ್‌ನಿಂದ ಷೇರು ಬೆಲೆ ಅಲ್ಲಾಡುವುದು ಸೆಬಿಗೂ ಹೊಸ ವಿಷಯವಿರಬೇಕು. ಹಾಳೆಯಲ್ಲಿ ಅದಕ್ಕೆ ‘ಉತ್ತರ ಕೊಡಲಿಲ್ಲ, ಅಡ್ಮಿನ್ ವಿಭಾಗಕ್ಕೆ ಕಳಿಸಿದೆ’ ಎಂದು ಹಾಕಲಾಯಿತು.

ಹಾಳೆ ಲೀಗಲ್‌ಗೆ ಹೋಯಿತು. ವಾಪಸ್ ಬಂದಾಗ ‘ಇನ್ನೂ ತೀರ್ಮಾನವಾಗಿಲ್ಲ’ ಎಂಬುದರ ಜಾಗದಲ್ಲಿ ‘ಅನ್ವಯವಾಗುವ ನೀತಿಗಳಿಗೆ ಒಳಪಟ್ಟು ಸೂಕ್ತ ಕಾಲದಲ್ಲಿ ಪರಿಶೀಲಿಸಲಾಗುವುದು’ ಎಂದು ಕೂತಿತ್ತು. ತಾಲ್ಲೂಕು ಕಚೇರಿ ಬಿಟ್ಟು ಐಟಿಗೆ ಬಂದವರಿಗೆ ಊರು ನೆನಪಾಗುವಂಥ ವಾಕ್ಯ. ತಂಡದ ಹಿರಿಯ ಮೇಡಂ ಅದನ್ನು ಅಳಿಸಿ, ಮೊದಲಿನದ್ದನ್ನೇ ಇಟ್ಟು, ‘ಇದರಲ್ಲಿ ಸುಳ್ಳು ಯಾವುದು, ತೋರಿಸಿ’ ಎಂದು ಬರೆದು ಕಳಿಸಿದರು. ಲೀಗಲ್‌ನವರು ತೋರಿಸಲಿಲ್ಲ, ಹಾಳೆಯನ್ನು ಸಿಇಒಗೆ ದಾಟಿಸಿದರು.

ಸಾಹೇಬರು ಓದಿ ಫೋನ್ ಮಾಡಿದರು.

‘ಏನ್ರೀ ಇದು? ಓದಿದವರು ನಾನು ಒಂದು ಗಂಟೆ ಏನೂ ಹೇಳಲೇ ಇಲ್ಲ ಅಂದ್ಕೊಳ್ತಾರಲ್ರೀ!’

‘ಸರ್, ಎಲ್ಲ ಉತ್ತರದ ಪಕ್ಕದಲ್ಲೂ ನಿಮಿಷ ಹಾಕಿದ್ದೀವಿ. ಒಂದ್ಸಲ ಕೇಳಿ ನೋಡಿ.’

‘ಪೂರ್ತಿ ಕೇಳೋಕೆ ನನಗೆಲ್ಲಿದೆ ಟೈಮು?’ ಎಂದರು ಸಾಹೇಬರು.